ವಕೀಲರ ಕಚೇರಿಯ ಒಂದು ಫೋಲ್ಡರ್: ವಿಂಡೋಸ್ ಎನ್‌ಕ್ರಿಪ್ಷನ್ ಎಲ್ಲಿಯವರೆಗೆ ಕಾಯುತ್ತದೆ, ಕಂಟೇನರ್ ಎಲ್ಲಿಂದ ಬೇಕಾಗುತ್ತದೆ

ಇದು ಮೈಸೂರಿನ ಸರಸ್ವತಿಪುರಂನಲ್ಲಿರುವ ಒಬ್ಬ ವಕೀಲರ ಕಚೇರಿಯ ಪ್ರಕರಣ. ಅವರ ಬಳಿಗೆ ಬರುವ ವ್ಯಾಜ್ಯಗಳಲ್ಲಿ ಹೆಚ್ಚಿನವು ಕುಟುಂಬಗಳಿಗೆ ಸಂಬಂಧಿಸಿದವು: ವಿಚ್ಛೇದನ, ಜೀವನಾಂಶ, ಮಕ್ಕಳ ಪಾಲನೆ, ಅಣ್ಣತಮ್ಮಂದಿರ ನಡುವಿನ ವಿಭಾಗ ದಾವೆ. ಕಕ್ಷಿದಾರರಲ್ಲಿ ಅನೇಕರು ಮಂಡ್ಯ, ಪಾಂಡವಪುರ, ಶ್ರೀರಂಗಪಟ್ಟಣದ ಕಡೆಯವರಾದ್ದರಿಂದ ವಕೀಲರೋ ಅವರ ಕಿರಿಯ ವಕೀಲೆಯೋ ಆಗಾಗ ಮಂಡ್ಯದ ನ್ಯಾಯಾಲಯಕ್ಕೆ ಹೋಗಿಬರುತ್ತಾರೆ. ಕಚೇರಿಯಲ್ಲಿರುವುದು ವಿಂಡೋಸ್ 11 ಪ್ರೊ ಹಾಕಿದ ಒಂದೇ ಡೆಸ್ಕ್‌ಟಾಪ್. ಅದರಲ್ಲಿ ಮೂರು ಸ್ಥಳೀಯ ಖಾತೆಗಳಿವೆ: ವಕೀಲರದ್ದು, ಕಿರಿಯ ವಕೀಲೆಯದ್ದು, ಗುಮಾಸ್ತರದ್ದು. ಸ್ಕ್ಯಾನರ್, ಪ್ರಿಂಟರ್‌ಗಳ ಕೆಲಸವೆಲ್ಲ ಗುಮಾಸ್ತರದ್ದೇ ಆದ್ದರಿಂದ ಅಡ್ಮಿನಿಸ್ಟ್ರೇಟರ್ ಅಧಿಕಾರವೂ ಅವರ ಖಾತೆಗೇ ಇತ್ತು.

ಕಕ್ಷಿದಾರರ ಬ್ಯಾಂಕ್ ಪಾಸ್‌ಬುಕ್ ಪ್ರತಿ, ಆಸ್ಪತ್ರೆಯ ವರದಿ, ಗಂಡ ಹೆಂಡಿರ ನಡುವಿನ ಸಂದೇಶಗಳ ಚಿತ್ರ, ಕರಡು ಅಫಿಡವಿಟ್ ಎಲ್ಲವೂ D ಡ್ರೈವ್‌ನ ಒಂದು ಫೋಲ್ಡರ್‌ನಲ್ಲಿದ್ದವು. ಇವು ಗುಮಾಸ್ತರ ಕಣ್ಣಿಗೂ ಬೀಳಬಾರದೆಂದು ವಕೀಲರು ಆ ಫೋಲ್ಡರ್ ಮೇಲೆ ಬಲ ಕ್ಲಿಕ್ ಮಾಡಿ, Properties ತೆರೆದು, Advanced ಒತ್ತಿ, Encrypt contents to secure data ಎಂಬ ಚೌಕಕ್ಕೆ ಗುರುತು ಹಾಕಿದ್ದರು. ಅಂದಿನಿಂದ ಆ ಕಡತಗಳಿಗೆ ರಕ್ಷಣೆಯಿದೆ ಎಂಬ ನೆಮ್ಮದಿ ಅವರಿಗಿತ್ತು. ಅದು ಪೂರ್ತಿ ಸುಳ್ಳಾಗಿರಲಿಲ್ಲ. ಆದರೆ ರಕ್ಷಣೆ ಯಾರಿಂದ, ಎಲ್ಲಿಯವರೆಗೆ, ಯಾವುದನ್ನು ಅವಲಂಬಿಸಿ ಎಂಬ ಮೂರು ಪ್ರಶ್ನೆಗಳನ್ನು ಆಗ ಯಾರೂ ಕೇಳಿರಲಿಲ್ಲ. ಬೇಸಿಗೆ ರಜೆ ಮುಗಿದು ನ್ಯಾಯಾಲಯ ತೆರೆದ ವಾರದಲ್ಲಿ ಅವು ತಾವಾಗಿಯೇ ಎದ್ದು ನಿಂತವು, ಮತ್ತು ಸಣ್ಣ ಕಚೇರಿಗಳ ಕಂಪ್ಯೂಟರ್ ನೋಡಿಕೊಳ್ಳುವ ನನ್ನನ್ನು ಅವರು ಕರೆಸಿದ್ದು ಆಗ.

ಆ ಚೌಕ ಮಾಡುವ ಕೆಲಸ

ಆ ಚೌಕದ ಹಿಂದಿರುವ ವ್ಯವಸ್ಥೆಯ ಹೆಸರು ಎನ್‌ಕ್ರಿಪ್ಟಿಂಗ್ ಫೈಲ್ ಸಿಸ್ಟಮ್, ಚಿಕ್ಕದಾಗಿ ಇಎಫ್‌ಎಸ್. ವಿಂಡೋಸ್ 2000ದ ಕಾಲದಿಂದಲೂ ಇದು ಇದೆ. ಹೋಮ್ ಆವೃತ್ತಿಗಳಲ್ಲಿ ಮಾತ್ರ ಈ ಚೌಕ ಮಸುಕಾಗಿ ಕಾಣುತ್ತದೆ, ಒತ್ತಲು ಬರುವುದಿಲ್ಲ. ಫೋಲ್ಡರ್ ಎನ್‌ಕ್ರಿಪ್ಟ್ ಆಯಿತು ಎಂದು ನಾವು ಆಡುಮಾತಿನಲ್ಲಿ ಹೇಳಿದರೂ ನಿಜವಾಗಿ ಎನ್‌ಕ್ರಿಪ್ಟ್ ಆಗುವುದು ಅದರೊಳಗಿನ ಒಂದೊಂದೇ ಕಡತ. ಫೋಲ್ಡರ್‌ಗೆ ಅಂಟುವುದು ಒಂದು ಗುರುತು ಮಾತ್ರ, ಮುಂದೆ ಇಲ್ಲಿ ಹುಟ್ಟುವ ಕಡತಗಳನ್ನೂ ಎನ್‌ಕ್ರಿಪ್ಟ್ ಮಾಡಬೇಕು ಎಂಬ ಸೂಚನೆ.

ಪ್ರತಿ ಕಡತಕ್ಕೂ ವಿಂಡೋಸ್ ಒಂದು ಹೊಸ ಕೀಲಿಯನ್ನು ತಯಾರಿಸಿ ಅದರಿಂದ ಕಡತದ ಒಳಾಂಶವನ್ನು ಎನ್‌ಕ್ರಿಪ್ಟ್ ಮಾಡುತ್ತದೆ. ಆ ಕೀಲಿಯನ್ನು ಬಳಕೆದಾರನ ಸರ್ಟಿಫಿಕೇಟ್‌ನಲ್ಲಿರುವ ಸಾರ್ವಜನಿಕ ಕೀಲಿಯಿಂದ ಮತ್ತೆ ಎನ್‌ಕ್ರಿಪ್ಟ್ ಮಾಡಿ ಕಡತದ ಜೊತೆಯಲ್ಲೇ ಇಡುತ್ತದೆ. ಬಿಡಿಸಲು ಬೇಕಾದ ಖಾಸಗಿ ಕೀಲಿ ಇರುವುದು ಅದೇ ಯಂತ್ರದಲ್ಲಿ, ಆ ಬಳಕೆದಾರನ ಪ್ರೊಫೈಲ್‌ನಲ್ಲಿ, ಅವನ ಲಾಗಿನ್ ಪಾಸ್‌ವರ್ಡ್‌ನಿಂದ ಹುಟ್ಟುವ ಇನ್ನೊಂದು ಕೀಲಿಯ ರಕ್ಷಣೆಯಲ್ಲಿ. ಹೀಗಾಗಿ ವಕೀಲರು ತಮ್ಮ ಖಾತೆಯಿಂದ ಲಾಗಿನ್ ಆದ ಕ್ಷಣದಿಂದ ಇಡೀ ಸರಪಳಿ ಸದ್ದಿಲ್ಲದೆ ಬಿಚ್ಚಿಕೊಳ್ಳುತ್ತದೆ. ಕಡತ ತೆರೆಯುವಾಗ ಯಾರೂ ಪಾಸ್‌ವರ್ಡ್ ಕೇಳುವುದಿಲ್ಲ. ಹೆಸರಿನ ಪಕ್ಕದ ಸಣ್ಣ ಬೀಗದ ಚಿಹ್ನೆ ಬಿಟ್ಟರೆ ಕೆಲಸ ಎಂದಿನಂತೆಯೇ ನಡೆಯುತ್ತದೆ.

ಗುಮಾಸ್ತರ ವಿಷಯದಲ್ಲಿ ಇದು ಸರಿಯಾಗಿಯೇ ಕೆಲಸ ಮಾಡಿತ್ತು. ಅವರ ಖಾತೆಯಿಂದ ಲಾಗಿನ್ ಆಗಿ ಒಂದು ಅಫಿಡವಿಟ್ ತೆರೆಯಲು ಪ್ರಯತ್ನಿಸಿದಾಗ ಪ್ರವೇಶ ನಿರಾಕರಿಸಲಾಗಿದೆ ಎಂಬ ಸಂದೇಶ ಬಂತು. ಅಡ್ಮಿನಿಸ್ಟ್ರೇಟರ್ ಅಧಿಕಾರದಿಂದ ಕಡತದ ಒಡೆತನವನ್ನೇ ತಮ್ಮ ಹೆಸರಿಗೆ ಬದಲಾಯಿಸಿಕೊಂಡರೂ ಒಳಾಂಶ ಸಿಗುವುದಿಲ್ಲ, ಏಕೆಂದರೆ ಅನುಮತಿ ಬೇರೆ, ಕೀಲಿ ಬೇರೆ. ಒಂದೇ ಯಂತ್ರವನ್ನು ಹಲವರು ತಮ್ಮ ತಮ್ಮ ಖಾತೆಗಳಿಂದ ಬಳಸುವ ಕಡೆ ಇಎಫ್‌ಎಸ್‌ನ ಬೆಲೆ ಇರುವುದು ಇಲ್ಲಿ. ಇದನ್ನು ಹಳೆಯ ಕಾಲದ್ದೆಂದು ತಳ್ಳಿಹಾಕುವವರ ಮಾತನ್ನು ನಾನು ಒಪ್ಪುವುದಿಲ್ಲ.

ಆದರೆ ಗುಮಾಸ್ತರ ಖಾತೆಯಿಂದ ಕಡತಗಳ ಹೆಸರುಗಳೆಲ್ಲ ಓದಲು ಸಿಗುತ್ತಿದ್ದವು. ಇಎಫ್‌ಎಸ್ ಒಳಾಂಶವನ್ನು ಮರೆಮಾಡುತ್ತದೆಯೇ ಹೊರತು ಫೋಲ್ಡರ್‌ನ ಹೆಸರು, ಕಡತದ ಹೆಸರು, ಗಾತ್ರ, ದಿನಾಂಕಗಳನ್ನು ಮುಟ್ಟುವುದಿಲ್ಲ. ಈ ಕಚೇರಿಯಲ್ಲಿ ಕಡತಕ್ಕೆ ಹೆಸರಿಡುವ ಪದ್ಧತಿ ಹೀಗಿತ್ತು: ಕಕ್ಷಿದಾರರ ಹೆಸರು, ಊರು, ವ್ಯಾಜ್ಯದ ಬಗೆ, ಆಮೇಲೆ ವಿವರ. ಇಂಥ ಊರಿನ ಇಂಥವರ ವಿಚ್ಛೇದನ, ಮನೋವೈದ್ಯರ ವರದಿ ಎಂದು ಹೆಸರಿನಲ್ಲೇ ಬರೆದಿರುವಾಗ ಒಳಗಿನ ಪುಟಗಳನ್ನು ಮುಚ್ಚಿಟ್ಟು ಉಳಿಸಿದ್ದು ಸ್ವಲ್ಪವೇ. ಚಿಕ್ಕ ಊರುಗಳಲ್ಲಿ ಇಷ್ಟು ಸುದ್ದಿ ಸಾಕು, ಉಳಿದದ್ದನ್ನು ಜನರೇ ತುಂಬಿಕೊಳ್ಳುತ್ತಾರೆ.

ರಜೆಯ ನಂತರದ ಸೋಮವಾರ

ರಜೆಗೆ ಮುಂಚೆ ವಕೀಲರು ತಮ್ಮ ಲಾಗಿನ್ ಪಾಸ್‌ವರ್ಡ್ ಬದಲಾಯಿಸಿದ್ದರು. ಹಳೆಯ ಪಾಸ್‌ವರ್ಡ್ ಕೊಟ್ಟು ಹೊಸದನ್ನು ಇಟ್ಟುಕೊಳ್ಳುವ ಸರಿಯಾದ ಮಾರ್ಗದಲ್ಲೇ ಅದನ್ನು ಮಾಡಿದ್ದರಿಂದ ಆಗ ಏನೂ ತೊಂದರೆಯಾಗಲಿಲ್ಲ. ವಿಂಡೋಸ್ ಒಳಗಿನ ಕೀಲಿಗಳ ರಕ್ಷಣೆಯನ್ನು ಹೊಸ ಪಾಸ್‌ವರ್ಡ್‌ಗೆ ತಾನೇ ವರ್ಗಾಯಿಸಿಕೊಂಡಿತು. ರಜೆ ಮುಗಿಸಿ ಬಂದಾಗ ಅವರಿಗೆ ಅದು ನೆನಪಿಗೆ ಬರಲಿಲ್ಲ. ಗುಮಾಸ್ತರು ತಮ್ಮ ಖಾತೆಯಿಂದ Computer Management ತೆರೆದು ವಕೀಲರ ಖಾತೆಗೆ ಹೊಸ ಪಾಸ್‌ವರ್ಡ್ ಹಾಕಿಕೊಟ್ಟರು. ಹೀಗೆ ಮಾಡಿದರೆ ಎನ್‌ಕ್ರಿಪ್ಟ್ ಆದ ಮಾಹಿತಿ ಕೈತಪ್ಪಬಹುದು ಎಂಬ ಎಚ್ಚರಿಕೆ ಆ ಪರದೆಯಲ್ಲಿ ಬರುತ್ತದೆ. ಹತ್ತೂವರೆಗೆ ನ್ಯಾಯಾಲಯದಲ್ಲಿರಬೇಕಾದ ದಿನ ಅದನ್ನು ಯಾರೂ ನಿಧಾನವಾಗಿ ಓದಲಿಲ್ಲ. ವಕೀಲರು ಲಾಗಿನ್ ಆದರು, ಮೇಜಿನ ಮೇಲಿನ ಚಿತ್ರಗಳೆಲ್ಲ ಇದ್ದಂತೆಯೇ ಇದ್ದವು, ಆದರೆ ಎನ್‌ಕ್ರಿಪ್ಟ್ ಆಗಿದ್ದ ಒಂದು ಕಡತವೂ ತೆರೆಯಲಿಲ್ಲ.

ಕಾರಣ ಸರಳ. ಬೇರೆಯವರು ಪಾಸ್‌ವರ್ಡ್ ಹೊಸದಾಗಿ ಹೇರಿದಾಗ ಹಳೆಯ ಪಾಸ್‌ವರ್ಡ್ ವಿಂಡೋಸ್‌ಗೆ ಸಿಗುವುದೇ ಇಲ್ಲ. ಅದರಿಂದ ಮುಚ್ಚಿದ್ದ ಕೀಲಿಯನ್ನು ಬಿಚ್ಚಿ ಹೊಸದರಿಂದ ಮುಚ್ಚಲು ಅದಕ್ಕೆ ದಾರಿಯಿಲ್ಲ. ಇದು ದೋಷವಲ್ಲ, ಬೇಕೆಂದೇ ಮಾಡಿದ ಕಟ್ಟುನಿಟ್ಟು. ಇಲ್ಲದಿದ್ದರೆ ಅಡ್ಮಿನಿಸ್ಟ್ರೇಟರ್ ಅಧಿಕಾರವಿರುವ ಯಾರು ಬೇಕಾದರೂ ವಕೀಲರ ಪಾಸ್‌ವರ್ಡ್ ಬದಲಿಸಿ, ಅವರ ಹೆಸರಿನಲ್ಲಿ ಲಾಗಿನ್ ಆಗಿ, ಎಲ್ಲ ಕಡತಗಳನ್ನು ಓದಬಹುದಾಗಿತ್ತು. ಗುಮಾಸ್ತರಿಂದ ಕಡತಗಳನ್ನು ಕಾದ ನಿಯಮವೇ ಆ ಸೋಮವಾರ ಒಡೆಯರನ್ನೂ ಹೊರಗೆ ನಿಲ್ಲಿಸಿತ್ತು.

ನಾನು ಮೊದಲು ನೋಡಿದ್ದು ಕಡತವನ್ನು ಬಿಡಿಸಲು ಯಾರ ಯಾರ ಕೀಲಿಗೆ ಸಾಧ್ಯ ಎಂಬುದನ್ನು. ಅದಕ್ಕೆ ಕಮಾಂಡ್ ಪ್ರಾಂಪ್ಟ್‌ನಲ್ಲಿ ಒಂದು ಸಾಲು ಸಾಕು:

```
cipher /c "D:\Kakshidararu\affidavit.docx"
```

ಉತ್ತರದಲ್ಲಿ ವಕೀಲರ ಖಾತೆಯ ಹೆಸರು, ಅವರ ಸರ್ಟಿಫಿಕೇಟ್‌ನ ಗುರುತಿನ ಸಂಖ್ಯೆ, AES, 256 ಎಂಬ ವಿವರಗಳು ಇದ್ದವು. ಅವುಗಳಿಗಿಂತ ಮುಖ್ಯವಾದದ್ದು No recovery certificate found ಎಂಬ ಸಾಲು. ದೊಡ್ಡ ಸಂಸ್ಥೆಗಳ ಜಾಲದಲ್ಲಿ ಸಾಮಾನ್ಯವಾಗಿ ಕಾಪುದಾರ ಖಾತೆಯೊಂದು ಇರುತ್ತದೆ. ಬಳಕೆದಾರನ ಕೀಲಿ ಹೋದರೂ ಅದರ ಕೀಲಿಯಿಂದ ಕಡತ ಬಿಡಿಸಬಹುದು. ಒಂಟಿಯಾಗಿರುವ ಯಂತ್ರದಲ್ಲಿ ನಾವೇ ಮಾಡಿಕೊಳ್ಳದೆ ಅಂಥದ್ದು ಇರುವುದಿಲ್ಲ. ಎಂದರೆ ಆ ಕಡತಗಳಿಗೆ ಇದ್ದದ್ದು ಒಂದೇ ಬಾಗಿಲು.

ವಕೀಲರು ಆಗ ಹೊರಗಿನ ಹಾರ್ಡ್‌ಡಿಸ್ಕ್‌ನ ಮಾತು ತೆಗೆದರು. ತಿಂಗಳಿಗೊಮ್ಮೆ ಇಡೀ ಫೋಲ್ಡರನ್ನು ಅದಕ್ಕೆ ನಕಲು ಮಾಡುವ ಅಭ್ಯಾಸ ಅವರಿಗಿತ್ತು. ಅದನ್ನು ಸಿಕ್ಕಿಸಿ ನೋಡಿದರೆ ಅಲ್ಲಿನ ಕಡತಗಳೂ ತೆರೆಯಲಿಲ್ಲ. ಆ ಡಿಸ್ಕ್ ವಿಂಡೋಸ್‌ನದೇ ಕಡತ ವ್ಯವಸ್ಥೆಯಾದ ಎನ್‌ಟಿಎಫ್‌ಎಸ್‌ನಲ್ಲಿ ಫಾರ್ಮ್ಯಾಟ್ ಆಗಿದ್ದರಿಂದ ನಕಲುಗಳೂ ಎನ್‌ಕ್ರಿಪ್ಟ್ ಆಗಿಯೇ ಹೋಗಿದ್ದವು, ಅದೂ ಅದೇ ಕೀಲಿಯಿಂದ. ಕಡತದ ನಕಲಿತ್ತು, ಕೀಲಿಯ ನಕಲಿರಲಿಲ್ಲ. ಇಎಫ್‌ಎಸ್ ಬಳಸುವವರಲ್ಲಿ ನಾನು ಕಂಡ ಅತ್ಯಂತ ಸಾಮಾನ್ಯವಾದ ಕೊರತೆ ಇದೇ. ವಿಂಡೋಸ್ ಹೊಸದಾಗಿ ಹಾಕಿಸಿದಾಗ ಅಥವಾ ಯಂತ್ರ ಕೆಟ್ಟು ಡಿಸ್ಕನ್ನು ಬೇರೆ ಯಂತ್ರಕ್ಕೆ ಜೋಡಿಸಿದಾಗಲೂ ಆಗುವುದು ಇದೇ. ಹೊಸ ಖಾತೆಗೆ ಹಳೆಯ ಹೆಸರನ್ನೇ, ಹಳೆಯ ಪಾಸ್‌ವರ್ಡನ್ನೇ ಇಟ್ಟರೂ ಪ್ರಯೋಜನವಿಲ್ಲ, ಏಕೆಂದರೆ ಅದರ ಕೀಲಿ ಬೇರೆ.

ಈ ಪ್ರಕರಣದಲ್ಲಿ ಕೀಲಿ ನಾಶವಾಗಿರಲಿಲ್ಲ, ಪ್ರೊಫೈಲ್‌ನಲ್ಲಿ ಮುಚ್ಚಿದ ಸ್ಥಿತಿಯಲ್ಲಿ ಕುಳಿತಿತ್ತು. ರಜೆಗೆ ಮುಂಚೆ ಇಟ್ಟ ಪಾಸ್‌ವರ್ಡ್ ಗೊತ್ತಾದರೆ ಖಾತೆಗೆ ಅದನ್ನೇ ಮತ್ತೆ ಹಾಕಬಹುದು, ಆಗ ಸರಪಳಿ ಮೊದಲಿನಂತೆ ಬಿಚ್ಚಿಕೊಳ್ಳುತ್ತದೆ ಎಂದು ವಿವರಿಸುತ್ತಿದ್ದಾಗ ಕಿರಿಯ ವಕೀಲೆ ಮಧ್ಯೆ ಮಾತಾಡಿದರು. “ಸರ್, ರಜೇಲಿ ಒಂದು ಪ್ರಿಂಟ್ ಬೇಕು ಅಂತ ನಾನು ಫೋನ್ ಮಾಡಿದಾಗ ನೀವೇ ಹೇಳಿದ್ರಲ್ಲ. ನಾನು ಬರ್ಕೊಂಡಿದೀನಿ ಅನ್ಸುತ್ತೆ.” ಅವರ ಫೋನಿನಲ್ಲಿ ಅದು ಇತ್ತು. ಅದನ್ನೇ ಮತ್ತೆ ಹಾಕಿ, ಒಮ್ಮೆ ಹೊರಬಂದು ಲಾಗಿನ್ ಆದಾಗ ಕಡತಗಳು ತೆರೆದವು. ಆ ಕೂಡಲೇ ಮಾಡಿದ ಕೆಲಸ, ವಕೀಲರ ಖಾತೆಯಲ್ಲಿದ್ದುಕೊಂಡೇ, ಕೀಲಿಯನ್ನು ಹೊರತೆಗೆದು ಇಟ್ಟದ್ದು:

```
cipher /x "E:\vakeelaru-efs"
```

ಇದು ಒಂದು ಪಾಸ್‌ವರ್ಡ್ ಕೇಳಿ, ಸರ್ಟಿಫಿಕೇಟ್ ಮತ್ತು ಖಾಸಗಿ ಕೀಲಿ ಎರಡನ್ನೂ ಒಳಗೊಂಡ .PFX ಕಡತವನ್ನು ಪೆನ್‌ಡ್ರೈವ್‌ನಲ್ಲಿ ಬರೆಯುತ್ತದೆ. ಯಾವ ಯಂತ್ರದಲ್ಲಾದರೂ ಅದರ ಮೇಲೆ ಡಬಲ್ ಕ್ಲಿಕ್ ಮಾಡಿ ಒಳಗೆ ಸೇರಿಸಿಕೊಂಡರೆ ಆ ಖಾತೆಯಿಂದ ಹಳೆಯ ಕಡತಗಳು ತೆರೆಯುತ್ತವೆ. ಆ ಪೆನ್‌ಡ್ರೈವ್ ಈಗ ವಕೀಲರ ಮನೆಯ ಬೀರುವಿನಲ್ಲಿದೆ, ಪಾಸ್‌ವರ್ಡ್ ಬೇರೊಂದು ಕಡೆ ಇದೆ.

ಕಿರಿಯ ವಕೀಲೆಯ ಫೋನಿನಲ್ಲಿ ಆ ಪಾಸ್‌ವರ್ಡ್ ಏಕಿತ್ತು ಎಂಬುದನ್ನೂ ಕೇಳಬೇಕಾಗಿತ್ತು. ಇಎಫ್‌ಎಸ್‌ನಲ್ಲಿ ಇನ್ನೊಬ್ಬ ಬಳಕೆದಾರರನ್ನು ಸೇರಿಸಲು ಸಾಧ್ಯವಿದೆ, ಆದರೆ ಅದನ್ನು ಫೋಲ್ಡರ್‌ಗೆ ಒಟ್ಟಾಗಿ ಮಾಡಲಾಗದು, ಒಂದೊಂದು ಕಡತಕ್ಕೂ ಪ್ರತ್ಯೇಕವಾಗಿ ಮಾಡಬೇಕು. ದಿನವೂ ಹೊಸ ಕಡತಗಳು ಹುಟ್ಟುವ ಕಚೇರಿಯಲ್ಲಿ ಅದು ಆಗುವ ಮಾತಲ್ಲ. ಹಾಗಾಗಿ ಅವರು ಪಾಸ್‌ವರ್ಡನ್ನೇ ಹಂಚಿಕೊಂಡಿದ್ದರು, ಅಂದರೆ ಬ್ಯಾಂಕಿನ ಮಿಂಚಂಚೆಯಿಂದ ಹಿಡಿದು ಎಲ್ಲವನ್ನೂ ಹಂಚಿಕೊಂಡಿದ್ದರು.

ಮಂಡ್ಯಕ್ಕೆ ಹೋದ ಕಡತ

ಎರಡನೆಯ ಸಂಗತಿ ಹಳೆಯದು, ಮಾತಿನ ನಡುವೆ ಹೊರಬಂತು. ಒಂದು ದಿನ ಕಿರಿಯ ವಕೀಲೆ, ವಕೀಲರ ಖಾತೆಯಿಂದ, ಒಂದು ಅಫಿಡವಿಟ್ಟನ್ನು ಪೆನ್‌ಡ್ರೈವ್‌ಗೆ ಹಾಕಿಕೊಂಡು ಮಂಡ್ಯಕ್ಕೆ ಹೋಗಿದ್ದರು. ನ್ಯಾಯಾಲಯದ ಹತ್ತಿರದ ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ತೆಗೆಸಲು ಹೋದಾಗ ಅಲ್ಲಿನ ವಿಂಡೋಸ್ 7 ಯಂತ್ರದಲ್ಲಿ ಕಡತದ ಹೆಸರಿನ ಕೊನೆಗೆ .PFILE ಎಂಬ ಬಾಲ ಅಂಟಿಕೊಂಡಿತ್ತು. ವರ್ಡ್ ಅದನ್ನು ತೆರೆಯಲಿಲ್ಲ. ವೈರಸ್ ಹಿಡಿದಿದೆ ಎಂದು ಅಂಗಡಿಯವರು ಹೇಳಿದರಂತೆ.

ಅದು ವೈರಸ್ ಆಗಿರಲಿಲ್ಲ. ಪೆನ್‌ಡ್ರೈವ್‌ಗಳು ಸಾಮಾನ್ಯವಾಗಿ ಎಫ್‌ಎಟಿ32 ಅಥವಾ ಎಕ್ಸ್‌ಎಫ್‌ಎಟಿ ಮಾದರಿಯಲ್ಲಿರುತ್ತವೆ. ಹಿಂದಿನ ವಿಂಡೋಸ್‌ಗಳಲ್ಲಿ ಇಎಫ್‌ಎಸ್ ಎನ್‌ಟಿಎಫ್‌ಎಸ್‌ಗೆ ಮಾತ್ರ ಸೀಮಿತವಾಗಿತ್ತು, ಪೆನ್‌ಡ್ರೈವ್‌ಗೆ ಹೋದ ಕಡತ ಬಿಚ್ಚಿಕೊಂಡೇ ಹೋಗುತ್ತಿತ್ತು. ವಿಂಡೋಸ್ 10ರ 1607 ಆವೃತ್ತಿಯಿಂದ ಆ ಮಾದರಿಗಳಲ್ಲೂ ಕಡತವನ್ನು ಎನ್‌ಕ್ರಿಪ್ಟ್ ಸ್ಥಿತಿಯಲ್ಲೇ ಇಡುವ ವ್ಯವಸ್ಥೆ ಬಂದಿದೆ, ಆ ಬಾಲ ಅದರ ಗುರುತು. ಪೆನ್‌ಡ್ರೈವ್ ಕಳೆದರೆ ಒಳಾಂಶ ಬಯಲಾಗುವುದಿಲ್ಲ ಎಂಬುದು ಇದರ ಲಾಭ; ಕೀಲಿ ಸರಸ್ವತಿಪುರಂನಲ್ಲೇ ಉಳಿದಿರುವುದರಿಂದ ಮಂಡ್ಯದಲ್ಲಿ ನಮಗೂ ತೆರೆಯುವುದಿಲ್ಲ ಎಂಬುದು ಇದರ ಬೆಲೆ.

ಆ ದಿನ ಅವರು ಕಂಡುಕೊಂಡ ಉಪಾಯವೇ ನಿಜವಾದ ಸೋರಿಕೆ. ಕಚೇರಿಗೆ ಫೋನ್ ಮಾಡಿದರು, ವಕೀಲರು ಅದೇ ಕಡತವನ್ನು ಅಂಗಡಿಯ ಮಿಂಚಂಚೆ ವಿಳಾಸಕ್ಕೆ ಕಳುಹಿಸಿದರು, ಅಲ್ಲಿ ಅದು ಸಲೀಸಾಗಿ ತೆರೆದು ಪ್ರಿಂಟ್ ಆಯಿತು. ಇಎಫ್‌ಎಸ್ ಕಡತವನ್ನು ಕಾಯುವುದು ಡಿಸ್ಕ್‌ನ ಮೇಲೆ ಕುಳಿತಿರುವಾಗ. ವಕೀಲರ ಖಾತೆಯಲ್ಲಿ ಓಡುವ ಯಾವ ಪ್ರೋಗ್ರಾಂ ಕೇಳಿದರೂ, ಅದು ವರ್ಡ್ ಆಗಲಿ, ಮಿಂಚಂಚೆ ಕಳುಹಿಸುವ ಬ್ರೌಸರ್ ಆಗಲಿ, ಅದಕ್ಕೆ ಸಿಗುವುದು ಬಿಚ್ಚಿದ ಪಠ್ಯ. ಆದ್ದರಿಂದ ಹೊರಟದ್ದು ಸಾದಾ ಕಡತ. ಅದು ಅಂಗಡಿಯ ಇನ್‌ಬಾಕ್ಸ್‌ನಲ್ಲೂ ಆ ಯಂತ್ರದ ಡೌನ್‌ಲೋಡ್ ಫೋಲ್ಡರ್‌ನಲ್ಲೂ ಉಳಿಯಿತು. ಕಚೇರಿಯಲ್ಲಿ ಹೆಸರಿನ ಪಕ್ಕ ಬೀಗದ ಚಿಹ್ನೆ ಕಾಣುತ್ತಿದ್ದುದರಿಂದ ಕಳುಹಿಸಿದ್ದಕ್ಕೂ ಬೀಗವಿದೆ ಎಂದು ವಕೀಲರು ನಂಬಿದ್ದರು.

ಕಂಟೇನರ್ ಮಾಡಿದ್ದು

ಈ ಕಚೇರಿಗೆ ಬೇಕಾದದ್ದು ಕಡತಗಳ ಜೊತೆ ಪ್ರಯಾಣ ಮಾಡುವ ರಕ್ಷಣೆ ಎಂಬುದು ಇಷ್ಟರಲ್ಲಿ ಸ್ಪಷ್ಟವಾಗಿತ್ತು. ಅದಕ್ಕಾಗಿ ವೆರಾಕ್ರಿಪ್ಟ್ ಎಂಬ ಎನ್‌ಕ್ರಿಪ್ಷನ್ ಪ್ರೋಗ್ರಾಂನಲ್ಲಿ ಎರಡು ಕಂಟೇನರ್ ಮಾಡಿದೆವು. ಕಂಟೇನರ್ ಎಂದರೆ ಹೊರಗಿನಿಂದ ನೋಡಿದರೆ ಒಂದೇ ಒಂದು ದೊಡ್ಡ ಕಡತ. ಪಾಸ್‌ವರ್ಡ್ ಕೊಟ್ಟು ತೆರೆದಾಗ ಅದು ಒಂದು ಹೊಸ ಡ್ರೈವ್ ಆಗಿ ಕಾಣಿಸಿಕೊಳ್ಳುತ್ತದೆ. ಮುಚ್ಚಿದಾಗ ಅದರೊಳಗೆ ಎಷ್ಟು ಕಡತಗಳಿವೆ, ಅವುಗಳ ಹೆಸರೇನು, ಯಾವ ದಿನದವು ಎಂಬುದೊಂದೂ ತಿಳಿಯುವುದಿಲ್ಲ. ಮೊದಲಿನಿಂದ ಕೊನೆಯವರೆಗೆ ಕಾಣುವುದು ಅರ್ಥವಿಲ್ಲದ ಬೈಟ್‌ಗಳು. ವಿಚ್ಛೇದನದ ಕಡತಗಳ ಹೆಸರಿನ ಸಮಸ್ಯೆ ಇಲ್ಲಿಗೆ ಮುಗಿಯಿತು.

ಕಚೇರಿಯ ಯಂತ್ರಕ್ಕೆ 10 ಜಿಬಿಯದ್ದು, ಮಂಡ್ಯಕ್ಕೆ ಒಯ್ಯುವ ಪೆನ್‌ಡ್ರೈವ್‌ಗೆ 3 ಜಿಬಿಯದ್ದು. ಪೆನ್‌ಡ್ರೈವ್ ಎಫ್‌ಎಟಿ32 ಆಗಿತ್ತು, ಅದರಲ್ಲಿ ಒಂದು ಕಡತ 4 ಜಿಬಿ ಮುಟ್ಟುವಂತಿಲ್ಲ. ಗಾತ್ರವನ್ನು ಮೊದಲೇ ನಿರ್ಧರಿಸಬೇಕು, ಒಳಗೆ ಏನೂ ಇಲ್ಲದಿದ್ದರೂ ಅಷ್ಟು ಜಾಗ ಹಿಡಿಯುತ್ತದೆ. ಮಾಡುವಾಗ Create Volume ಒತ್ತಿ, ಮೊದಲ ಆಯ್ಕೆಯಾದ ಕಡತದ ಕಂಟೇನರನ್ನೇ ಆರಿಸಿ, ಅದು ಎಲ್ಲಿರಬೇಕು, ಹೆಸರೇನು ಎಂದು ಹೇಳಬೇಕು. ಈ ಹಂತದಲ್ಲಿ ವಕೀಲರ ಕೈ ತಾನಾಗಿಯೇ ಒಂದು ಅಫಿಡವಿಟ್ ಕಡತದ ಮೇಲೆ ಹೋಯಿತು, ನಾನು ತಡೆದೆ. ಇಲ್ಲಿ ಇರುವ ಕಡತವನ್ನು ಆರಿಸಿದರೆ ವೆರಾಕ್ರಿಪ್ಟ್ ಅದನ್ನು ಎನ್‌ಕ್ರಿಪ್ಟ್ ಮಾಡುವುದಿಲ್ಲ, ಅದನ್ನು ಅಳಿಸಿ ಆ ಹೆಸರಿನಲ್ಲಿ ಖಾಲಿ ಕಂಟೇನರ್ ಮಾಡುತ್ತದೆ. ಹೊಸ ಹೆಸರನ್ನೇ ಕೊಡಬೇಕು.

ಎನ್‌ಕ್ರಿಪ್ಷನ್‌ನ ಬಗೆಯನ್ನು ಕೇಳಿದಾಗ AES ಮತ್ತು SHA-512 ಎಂದು ಮೊದಲೇ ಇರುವುದನ್ನು ಬದಲಾಯಿಸುವ ಅಗತ್ಯ ಕಾಣಲಿಲ್ಲ. ಯೋಚಿಸಬೇಕಾದದ್ದು ಪಾಸ್‌ವರ್ಡ್ ಬಗ್ಗೆ. ಲಾಗಿನ್ ಪಾಸ್‌ವರ್ಡನ್ನು ದಿನಕ್ಕೆ ಹತ್ತಾರು ಬಾರಿ ಒತ್ತಬೇಕಾದ್ದರಿಂದ ಜನ ಚಿಕ್ಕದನ್ನೇ ಇಟ್ಟುಕೊಳ್ಳುತ್ತಾರೆ, ಈ ಕಚೇರಿಯಲ್ಲೂ ಅದು ಎಂಟೇ ಅಕ್ಷರದ್ದಾಗಿತ್ತು. ಡಿಸ್ಕ್ ಕಳ್ಳತನವಾಗಿ ಕೈಗೆ ಸಿಕ್ಕವನು ನಿಧಾನವಾಗಿ ಊಹೆ ಹಾಕುತ್ತಾ ಕುಳಿತರೆ ಇಎಫ್‌ಎಸ್‌ನ ಬಲವೆಲ್ಲ ಆ ಎಂಟು ಅಕ್ಷರದ ಬಲ. ಕಂಟೇನರ್‌ನ ಪಾಸ್‌ವರ್ಡ್ ಬೆಳಿಗ್ಗೆ ಒಮ್ಮೆ ಒತ್ತಿದರಾಯಿತು, ಉದ್ದವಿದ್ದರೂ ಬೇಸರವಿಲ್ಲ. 20 ಅಕ್ಷರಕ್ಕಿಂತ ಚಿಕ್ಕದಾದರೆ ವೆರಾಕ್ರಿಪ್ಟೇ ಎಚ್ಚರಿಸುತ್ತದೆ. ಅಲ್ಲದೆ ಪಾಸ್‌ವರ್ಡ್‌ನಿಂದ ಕೀಲಿ ತಯಾರಿಸುವ ಲೆಕ್ಕವನ್ನು ಅದು ಪ್ರತಿ ಸಲ 5,00,000 ಸುತ್ತು ಮಾಡುತ್ತದೆ. ತೆರೆಯುವಾಗ ಸ್ವಲ್ಪ ಕಾಯಬೇಕಾಗುವುದು ಅದಕ್ಕೇ, ಮತ್ತು ಊಹೆ ಹಾಕುವವನು ಒಂದೊಂದು ಊಹೆಗೂ ಅಷ್ಟೇ ಲೆಕ್ಕ ಮಾಡಬೇಕು. ಸಂಬಂಧವಿಲ್ಲದ ಆರು ಕನ್ನಡ ಪದಗಳನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದು ಸೇರಿಸಿದ್ದು ಈಗ ಅವರ ಪಾಸ್‌ವರ್ಡ್. ಇದಕ್ಕೆ ಮಾತ್ರ ಯಾವ ಕಾಪುದಾರನೂ ಇಲ್ಲ. ಮರೆತರೆ ಕಡತಗಳು ಹೋದಂತೆಯೇ ಎಂದು ಒತ್ತಿ ಹೇಳಿ, ಕಾಗದದಲ್ಲಿ ಬರೆದು ಲಕೋಟೆಯಲ್ಲಿ ಇಡಿಸಿದೆ.

ಕಡತಗಳನ್ನು ಕಂಟೇನರ್‌ಗೆ ನಕಲು ಮಾಡಿ ಹಳೆಯದನ್ನು ಅಳಿಸಿದ ಮೇಲೂ ಒಂದು ಕೆಲಸ ಉಳಿದಿತ್ತು. ಮೊದಲ ಸಲ ಆ ಚೌಕಕ್ಕೆ ಗುರುತು ಹಾಕುವುದಕ್ಕೆ ಮುಂಚೆ ಈ ಕಡತಗಳೆಲ್ಲ ವರ್ಷಗಳ ಕಾಲ ಸಾದಾ ರೂಪದಲ್ಲೇ D ಡ್ರೈವ್‌ನಲ್ಲಿದ್ದವು. ಎನ್‌ಕ್ರಿಪ್ಟ್ ಮಾಡುವಾಗ ಬಿಟ್ಟುಹೋದ ಹಳೆಯ ಜಾಗದಲ್ಲಿ ಆ ಪಠ್ಯ ಹಾಗೆಯೇ ಇರಬಹುದು, ಅಳಿಸಿದ ಕಡತ ಮರಳಿ ತೆಗೆಯುವ ಸಾಮಾನ್ಯ ಸಾಧನಕ್ಕೂ ಅದು ಸಿಗಬಹುದು. ಖಾಲಿ ಜಾಗದ ಮೇಲೆಲ್ಲ ಬರೆದು ಅಳಿಸುವ ಕಮಾಂಡ್ ಇದು:

```
cipher /w:D:\
```

ಸೊನ್ನೆಗಳು, 0xFF, ಕೊನೆಗೆ ಯಾದೃಚ್ಛಿಕ ಬೈಟ್‌ಗಳು ಎಂದು ಮೂರು ಸುತ್ತು ಬರೆಯುವುದರಿಂದ ಸಂಜೆ ಆರಂಭಿಸಿ ರಾತ್ರಿಯಿಡೀ ಬಿಟ್ಟು ಹೋದೆವು. D ಡ್ರೈವ್ ತಿರುಗುವ ಹಾರ್ಡ್‌ಡಿಸ್ಕ್ ಆದ್ದರಿಂದ ಇದನ್ನು ನಂಬಬಹುದಾಗಿತ್ತು. ಎಸ್‌ಎಸ್‌ಡಿಯಲ್ಲಿ ಯಾವ ಬರಹ ಯಾವ ಕೋಶಕ್ಕೆ ಹೋಗುತ್ತದೆ ಎಂಬುದನ್ನು ಅದರ ಒಳಗಿನ ನಿಯಂತ್ರಕವೇ ನಿರ್ಧರಿಸುತ್ತದೆ, ಹಾಗಾಗಿ ಹಳೆಯದು ಅಳಿಯಿತೆಂದು ಖಚಿತವಾಗಿ ಹೇಳಲಾಗದು.

ಕಂಟೇನರ್‌ನಲ್ಲಿ ಕಂಡ ತೊಡಕುಗಳು

ಮೊದಲ ತೊಡಕು ಗುಮಾಸ್ತರದ್ದೇ. ವಕೀಲರು ಕಂಟೇನರ್ ತೆರೆದು, ಅದನ್ನು ಮುಚ್ಚದೆ, ಬಳಕೆದಾರರನ್ನು ಬದಲಿಸುವ ಗುಂಡಿ ಒತ್ತಿ ಎದ್ದುಹೋದರು. ಗುಮಾಸ್ತರು ತಮ್ಮ ಖಾತೆಗೆ ಬಂದಾಗ ಆ ಹೊಸ ಡ್ರೈವ್ ಅವರಿಗೂ ಕಾಣಿಸಿತು, ಕಡತಗಳೂ ತೆರೆದವು. ತೆರೆದಿರುವ ಕಂಟೇನರ್ ಆ ಯಂತ್ರದಲ್ಲಿ ಲಾಗಿನ್ ಆದ ಎಲ್ಲರಿಗೂ ಒಂದು ಸಾಮಾನ್ಯ ಡ್ರೈವ್. ಇಎಫ್‌ಎಸ್ ಚೆನ್ನಾಗಿ ಮಾಡುತ್ತಿದ್ದ ಕೆಲಸವನ್ನು ಕಂಟೇನರ್ ಮಾಡುವುದೇ ಇಲ್ಲ. ಇದಕ್ಕೆ Preferences ತೆರೆದು, ಪರದೆಗೆ ಬೀಗ ಬಿದ್ದಾಗ ಮತ್ತು ಲಾಗ್ ಆಫ್ ಆದಾಗ ತಾನಾಗಿ ಮುಚ್ಚಿಕೊಳ್ಳುವಂತೆ ಹೊಂದಿಸಿದೆವು. ಕಂಟೇನರ್ ಒಳಗೆ ಎನ್‌ಟಿಎಫ್‌ಎಸ್ ಇಟ್ಟು, ಅನುಮತಿಗಳನ್ನು ಇಬ್ಬರು ವಕೀಲರಿಗೆ ಮಾತ್ರ ಸೀಮಿತಗೊಳಿಸಿದೆವು. ಆದರೂ ಅಡ್ಮಿನಿಸ್ಟ್ರೇಟರ್ ಆದವನು ಅನುಮತಿಯನ್ನು ಬದಲಿಸಬಲ್ಲ. ಕೊನೆಗೆ ಗುಮಾಸ್ತರ ಖಾತೆಯಿಂದ ಆ ಅಧಿಕಾರವನ್ನೇ ತೆಗೆದು ಪ್ರತ್ಯೇಕ ಖಾತೆಗೆ ಕೊಡಬೇಕಾಯಿತು, ಅದಕ್ಕೆ ಅವರೂ ಬೇಸರಿಸಲಿಲ್ಲ.

ಎರಡನೆಯದು ಮಂಡ್ಯದ ಜೆರಾಕ್ಸ್ ಅಂಗಡಿ. ಪೆನ್‌ಡ್ರೈವ್‌ನಲ್ಲಿ ವೆರಾಕ್ರಿಪ್ಟ್‌ನ ಒಯ್ಯಬಹುದಾದ ಪ್ರತಿಯನ್ನು ಹಾಕಿಕೊಂಡರೂ ಅದಕ್ಕೆ ಡ್ರೈವರ್ ಏರಿಸಬೇಕಾದ್ದರಿಂದ ಆ ಯಂತ್ರದ ಅಡ್ಮಿನಿಸ್ಟ್ರೇಟರ್ ಅಧಿಕಾರ ಬೇಕು. ಅಧಿಕಾರ ಸಿಕ್ಕಿದರೂ ಹತ್ತಾರು ಜನರ ಪೆನ್‌ಡ್ರೈವ್ ಸಿಕ್ಕಿಸಿಕೊಂಡ ಯಂತ್ರದಲ್ಲಿ ಆ ಉದ್ದ ಪಾಸ್‌ವರ್ಡ್ ಒತ್ತುವುದನ್ನು ನಾನು ಒಪ್ಪಲಾರೆ. ಒತ್ತಿದ ಅಕ್ಷರಗಳನ್ನು ಬರೆದುಕೊಳ್ಳುವ ಪ್ರೋಗ್ರಾಂ ಅಲ್ಲಿದ್ದರೆ ಯಾವ ಎನ್‌ಕ್ರಿಪ್ಷನ್ನೂ ಉಳಿಸುವುದಿಲ್ಲ. ಈಗ ಕಿರಿಯ ವಕೀಲೆ ತಮ್ಮ ಲ್ಯಾಪ್‌ಟಾಪ್‌ನಲ್ಲೇ ಕಂಟೇನರ್ ತೆರೆಯುತ್ತಾರೆ. ಪ್ರಿಂಟ್‌ಗೆ ಬೇಕಾದ ಒಂದು ಪಿಡಿಎಫ್ ಮಾತ್ರ ಬೇರೆ ಪೆನ್‌ಡ್ರೈವ್‌ನಲ್ಲಿ ಅಂಗಡಿಗೆ ಹೋಗುತ್ತದೆ.

ಮೂರನೆಯದು ಸುಲಭವಾಗಿ ಕಣ್ಣಿಗೆ ಬೀಳುವಂಥದ್ದಲ್ಲ. ಹೊರಗಿನ ಡಿಸ್ಕ್‌ಗೆ ಬದಲಾದ ಕಡತಗಳನ್ನಷ್ಟೇ ನಕಲು ಮಾಡುವ ಪ್ರೋಗ್ರಾಂ ಒಂದನ್ನು ಕಚೇರಿಯಲ್ಲಿ ಹಾಕಿದ್ದೆವು. ಕೆಲವು ದಿನಗಳ ಮೇಲೆ ಆ ಡಿಸ್ಕ್‌ನಲ್ಲಿದ್ದ ಕಂಟೇನರ್ ತೆರೆದು ನೋಡಿದಾಗ ಅದರೊಳಗೆ ಮೊದಲ ದಿನದ ಕಡತಗಳು ಮಾತ್ರ ಇದ್ದವು. ವೆರಾಕ್ರಿಪ್ಟ್ ಕಂಟೇನರ್‌ನ ಬದಲಾವಣೆಯ ದಿನಾಂಕವನ್ನು ಹಾಗೆಯೇ ಉಳಿಸುತ್ತದೆ, ಯಾವಾಗ ಬಳಸಿದರೆಂದು ಹೊರಗಿನವರಿಗೆ ತಿಳಿಯಬಾರದೆಂಬುದು ಅದರ ಉದ್ದೇಶ. ಗಾತ್ರ ಹೇಗೂ ಬದಲಾಗುವುದಿಲ್ಲ. ದಿನಾಂಕ, ಗಾತ್ರ ಎರಡೂ ಅವೇ ಆಗಿದ್ದರಿಂದ ಏನೂ ಬದಲಾಗಿಲ್ಲ ಎಂದು ನಕಲು ಪ್ರೋಗ್ರಾಂ ತಿಳಿದಿತ್ತು. Preserve modification timestamp of file containers ಎಂಬ ಗುರುತನ್ನು ತೆಗೆದ ಮೇಲೆ ನಕಲು ಸರಿಯಾಯಿತು. ನಕಲು ಮಾಡುವಾಗ ಕಂಟೇನರ್ ಮುಚ್ಚಿರಬೇಕು ಎಂಬ ನಿಯಮವನ್ನೂ ಮಾಡಿಕೊಂಡರು. ಆಗಾಗ ನಕಲನ್ನು ತೆರೆದು ಹೊಸ ಕಡತವೊಂದು ಅದರಲ್ಲಿದೆಯೇ ಎಂದು ನೋಡುವ ಹೊಣೆ ಕಿರಿಯ ವಕೀಲೆಯದ್ದು.

ಇಎಫ್‌ಎಸ್, ಕಂಟೇನರ್ ಎರಡೂ ಕಾಯದ ಒಂದು ಜಾಗವಿದೆ. ಲಾಗಿನ್ ಆಗಿ ಕಂಟೇನರ್ ತೆರೆದು ಕೆಲಸ ಮಾಡುತ್ತಿರುವಾಗ ವಕೀಲರ ಹೆಸರಿನಲ್ಲೇ ಓಡುವ ಕೆಟ್ಟ ಪ್ರೋಗ್ರಾಂಗೆ ಕಡತಗಳು ವರ್ಡ್‌ಗೆ ಕಾಣುವಷ್ಟೇ ಸ್ಪಷ್ಟವಾಗಿ ಕಾಣುತ್ತವೆ. ತೆರೆದ ಪುಟಗಳ ತಾತ್ಕಾಲಿಕ ಪ್ರತಿ, ಪ್ರಿಂಟರ್ ಸರದಿಯಲ್ಲಿ ನಿಂತ ಪ್ರತಿಗಳು C ಡ್ರೈವ್‌ಗೂ ಹೋಗುತ್ತವೆ. ಈ ಕಾರಣಕ್ಕಾಗಿಯೇ C ಡ್ರೈವ್‌ಗೆ, ಇಡೀ ಡ್ರೈವನ್ನೇ ಎನ್‌ಕ್ರಿಪ್ಟ್ ಮಾಡುವ ವಿಂಡೋಸ್‌ನ ಬಿಟ್‌ಲಾಕರ್ ಹಾಕಿಸಿ, ಮರಳಿ ಪಡೆಯುವ 48 ಅಂಕಿಯ ಕೀಲಿಯನ್ನು ಅದೇ ಲಕೋಟೆಗೆ ಸೇರಿಸಿದೆವು. ಹಳೆಯ ಫೋಲ್ಡರ್‌ನ ಇಎಫ್‌ಎಸ್ ಗುರುತನ್ನು ನಾನು ತೆಗೆಸಲಿಲ್ಲ. ವಕೀಲರು ಕಚೇರಿಯ ಲೆಕ್ಕಪತ್ರಗಳನ್ನು ಈಗ ಅಲ್ಲಿ ಇಡುತ್ತಾರೆ. ಅವು ಆ ಯಂತ್ರ ಬಿಟ್ಟು ಎಲ್ಲೂ ಹೋಗುವುದಿಲ್ಲ, ಕಾಯಬೇಕಾಗಿರುವುದು ಬೇರೆ ಖಾತೆಗಳಿಂದ ಮಾತ್ರ.

ಕೆಲವು ತಿಂಗಳ ನಂತರ ಕಿರಿಯ ವಕೀಲೆ ಸ್ವಂತ ಕಚೇರಿ ಮಾಡಿಕೊಂಡು ಹೊರಟಾಗ ಕಂಟೇನರ್‌ನ ಪಾಸ್‌ವರ್ಡ್ ಬದಲಿಸಿದರೆ ಸಾಕೇ ಎಂದು ವಕೀಲರು ಕೇಳಿದರು. ಸಾಲದು. ಪಾಸ್‌ವರ್ಡ್ ಬದಲಿಸಿದಾಗ ಹೊಸದಾಗಿ ಬರೆಯಲ್ಪಡುವುದು ಕಂಟೇನರ್‌ನ ತಲೆಭಾಗ ಮಾತ್ರ. ಒಳಗಿನ ಕಡತಗಳನ್ನು ಮುಚ್ಚಿರುವ ಮೂಲ ಕೀಲಿ ಮೊದಲಿನದೇ ಆಗಿರುತ್ತದೆ. ಹಳೆಯ ತಲೆಭಾಗದ ಒಂದು ಪ್ರತಿ ಎಲ್ಲಿಯಾದರೂ ಉಳಿದಿದ್ದರೆ, ಉದಾಹರಣೆಗೆ ಲ್ಯಾಪ್‌ಟಾಪ್‌ಗೆ ಹಿಂದೆ ನಕಲಾದ ಕಂಟೇನರ್‌ನಲ್ಲಿ, ಅದು ಮತ್ತು ಹಳೆಯ ಪಾಸ್‌ವರ್ಡ್ ಸೇರಿ ಇಂದಿನ ಕಂಟೇನರನ್ನೂ ತೆರೆಯುತ್ತವೆ. ಅವರ ಮೇಲೆ ಯಾರಿಗೂ ಸಂಶಯವಿರಲಿಲ್ಲ, ಆದರೆ ಲ್ಯಾಪ್‌ಟಾಪ್ ಎಂದಾದರೂ ಮಾರಾಟವಾಗಬಹುದು ಅಥವಾ ಕಳೆಯಬಹುದು. ಆದ್ದರಿಂದ ಬೇರೆ ಪಾಸ್‌ವರ್ಡ್‌ನಲ್ಲಿ ಹೊಸ ಕಂಟೇನರ್ ಮಾಡಿ, ಕಡತಗಳನ್ನು ಅದಕ್ಕೆ ದಾಟಿಸಿ, ಕಚೇರಿಯಲ್ಲೂ ಹೊರಗಿನ ಡಿಸ್ಕ್‌ನಲ್ಲೂ ಇದ್ದ ಹಳೆಯ ಕಂಟೇನರ್‌ಗಳನ್ನು ಅಳಿಸಿದೆವು. ಪೆನ್‌ಡ್ರೈವನ್ನೂ ಲ್ಯಾಪ್‌ಟಾಪ್‌ನಲ್ಲಿದ್ದ ಪ್ರತಿಯನ್ನೂ ಅವರೇ ತಂದು ಒಪ್ಪಿಸಿದರು.